ಚೌಕ ಕೂಡದ ತೇಪೆ

ಹೊಲಿಗೆ ಟೀಚರ್ ಕನ್ನಡಕವನ್ನು ಹಣೆಗೇರಿಸಿಕೊಂಡು ತಮ್ಮ ಅಕ್ಕನ ಕೆನ್ನೆಯ ಮೇಲೆ ಬಾಗಿದರು. ಪ್ರಿಂಟಿಂಗ್ ಲ್ಯಾಬಿನ ಮೇಜಿನ ಮೇಲೆ, ಅರ್ಧ ಬಾಗಿಲಷ್ಟು ದೊಡ್ಡ ಹಾಳೆಯಲ್ಲಿ, ಅಕ್ಕ ನಗುತ್ತಿದ್ದಳು. ನಾಲ್ಕು ಮೂಲೆಗೂ ಅಂಟಿನ ಡಬ್ಬ, ಕತ್ತರಿ, ಸ್ಕೇಲು ಇಟ್ಟು ಹಾಳೆ ಸುರುಳಿಯಾಗದಂತೆ ಮಾಡಿದ್ದೆವು.

"ಇಲ್ಲಿ ಏನೋ ಹೊಲಿದ ಹಾಗಿದೆಯಲ್ಲಮ್ಮ," ಅಂದರು ಟೀಚರ್.

ಅವರ ಬೆರಳು ಮೂಗಿನ ಪಕ್ಕದಿಂದ ಕಿವಿಯ ತನಕ ನಿಧಾನವಾಗಿ ಸರಿಯಿತು. ಆಮ್ಲಜನಕದ ಕೊಳವೆ ಇದ್ದ ದಾರಿ ಸರಿಯಾಗಿ ಅದೇ. ಕೊಳವೆಯನ್ನು ನಾನು ಅಳಿಸಿದ್ದೆ. ಅಕ್ಕಪಕ್ಕದ ಚರ್ಮವನ್ನು ಸ್ವಲ್ಪ ಸ್ವಲ್ಪವೇ ಎತ್ತಿ ಅದರ ಮೇಲೆ ಕೂರಿಸುತ್ತಾ ಮೂರ್ನಾಲ್ಕು ದಿನ ಕೂತಿದ್ದೆ. ಮನೆಯ ಸ್ಕ್ರೀನಿನಲ್ಲಿ ಏನೂ ಕಂಡಿರಲಿಲ್ಲ. ಇಲ್ಲಿ, ಕಾಗದದ ಮೇಲೆ, ಹಗಲು ಬೆಳಕಿನಲ್ಲಿ, ಆ ದಾರಿಯುದ್ದಕ್ಕೂ ಚರ್ಮ ಬೇರೆಯಾಗಿತ್ತು. ಒಂದು ಕಡೆ ಮೇಣ ಬಳಿದಂತೆ ನುಣುಪು, ಅದರ ಪಕ್ಕ ಸಣ್ಣ ಸಣ್ಣ ಚೌಕ. ಕೊಳವೆ ಹೋಗಿ ಅದರ ದಾರಿ ಉಳಿದಿತ್ತು.

"ನನ್ನ ಮಶೀನ್ ಮೇಲೆ ಹೇಳ್ಬೇಡಿ ಮೇಡಂ," ಅಂದ ಪ್ರಿಂಟ್ ಹಾಕುವ ಅಣ್ಣ, ನಾವು ಯಾರೂ ಏನೂ ಹೇಳುವ ಮೊದಲೇ. "ಅದು ಕನ್ನಡಿ ಇದ್ದ ಹಾಗೆ. ಮುಖದಲ್ಲಿ ಇದ್ದಿದ್ದನ್ನ ತೋರಿಸುತ್ತೆ ಅಷ್ಟೆ."

"ನಿಮ್ಮ ಕನ್ನಡಿಗೆ ಯಾರೂ ಏನೂ ಅಂದಿಲ್ಲ, ಸುಮ್ನಿರಿ," ಅಂದೆ.

ಟೀಚರಿಗೆ ಇದ್ದದ್ದು ಇದೊಂದೇ ಫೋಟೊ. ಅಕ್ಕ ಕ್ಯಾಮೆರಾ ಕಂಡರೆ ಬಟ್ಟೆಯ ರಾಶಿಯ ಹಿಂದೆ ಹೋಗುವವಳು. ಕಾಯಿಲೆ ಬಿದ್ದು ಮನೆಯಲ್ಲೇ ಕೊಳವೆ ಹಾಕಿಕೊಂಡು ಕೂತ ಮೇಲೆ ಓಡಲಾಗಲಿಲ್ಲ. ಅದಕ್ಕೇ ಸಿಕ್ಕಿಬಿದ್ದಳು. ಆ ದಿನ ಟೀಚರ್ ಏನೋ ಹೇಳಿ ನಗಿಸಿದ್ದರು. ಆ ನಗುವಿನ ಫೋಟೊವನ್ನು ಈಗ ಹೊಲಿಗೆ ತರಗತಿಯ ಗೋಡೆಗೆ ಹಾಕಬೇಕಿತ್ತು. ಅಕ್ಕ ಹೋದ ಮೇಲೆ ಮುಚ್ಚಿದ್ದ ತರಗತಿ ಸೋಮವಾರ ಮತ್ತೆ ಶುರುವಾಗುವುದಿತ್ತು.

"ಅವಳನ್ನ ಯಾರೂ ಯಾವತ್ತೂ ಕಟ್ಟಿ ಹಾಕಿದವರಿಲ್ಲ. ಆ ಹಗ್ಗ ತೆಗೆದುಬಿಡು ಸಾಕು," ಅಂದಿದ್ದರು ಟೀಚರ್ ನನಗೆ ಕೆಲಸ ಒಪ್ಪಿಸುವಾಗ.

ಹಗ್ಗ ಹೋಗಿತ್ತು, ಬಾಸುಂಡೆ ಉಳಿದಿತ್ತು.

"ಸ್ಕ್ರೀನಲ್ಲಿ ಚೆನ್ನಾಗಿತ್ತು ಟೀಚರ್," ಅಂದೆ. ಅದು ನನಗೇ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಕೇಳಿಸಿತು. ಅದಕ್ಕೇ ಸರಿಯಾಗಿ ಹೇಳಲು ಕೂತೆ. "ನನ್ನ ಹತ್ರ ಇರೋದು ಜೆಪೆಗ್ ಫೈಲು. ಅದು ಚಿತ್ರಾನ ಪುಟ್ಟ ಪುಟ್ಟ ಚೌಕ ಮಾಡಿ ಇಡುತ್ತೆ. ಅಡ್ಡಕ್ಕೆ ಎಂಟು ಚುಕ್ಕಿ, ಉದ್ದಕ್ಕೆ ಎಂಟು. ಜಾಗ ಉಳಿಸ್ಬೇಕಲ್ಲ, ಒಂದೊಂದು ಚೌಕದಲ್ಲೂ ಸಣ್ಣ ಸಣ್ಣ ವಿವರಾನ ಬಿಸಾಕುತ್ತೆ. ಪಕ್ಕದ ಚೌಕದಲ್ಲಿ ಏನು ಬಿಸಾಕಿದೆ ಅಂತ ಈ ಚೌಕಕ್ಕೆ ಗೊತ್ತಿರಲ್ಲ. ಇಡೀ ಚಿತ್ರದ ಚೌಕ ಒಂದೇ ಸಾಲಲ್ಲಿದ್ರೆ ಕಣ್ಣಿಗೆ ಬೀಳಲ್ಲ. ನಾನು ಒಂದು ಕಡೆಯಿಂದ ಚರ್ಮ ಎತ್ತಿ ಇನ್ನೊಂದು ಕಡೆ ಇಟ್ಟಾಗ..."

"ಚೌಕ ಕೂಡಲ್ಲ," ಅಂದರು ಟೀಚರ್.

"ಹೂಂ."

"ಚೌಕಳಿ ಬಟ್ಟೆಗೆ ಅದೇ ಬಟ್ಟೆಯಲ್ಲೇ ತೇಪೆ ಹಾಕಿದ್ರೂ, ಗೆರೆ ಕೂಡದೆ ಹೋದ್ರೆ ದೂರದಿಂದ್ಲೇ ಹೇಳಬಹುದು." ಕನ್ನಡಕ ಇಳಿಸಿಕೊಂಡರು. "ಗೆರೆ ಕೂಡಿಸಿ ಹಾಕೋಕೆ ಆಗಲ್ವ?"

ಅದನ್ನೂ ಮಾಡಿ ನೋಡಿದ್ದೆ. ಎಂಟೆಂಟು ಚುಕ್ಕಿಯ ಲೆಕ್ಕದಲ್ಲೇ ತೇಪೆಯನ್ನು ಸರಿಸಿದರೆ ಗೆರೆಗಳೇನೋ ಕೂಡುತ್ತವೆ. ಆದರೆ ಕೆನ್ನೆ ಚಪ್ಪಟೆ ಅಲ್ಲವಲ್ಲ. ತಿರುವಿಗೆ ತಕ್ಕಂತೆ ತೇಪೆಯನ್ನು ಕೊಂಚ ತಿರುಗಿಸಿದ ಕೂಡಲೇ ಚೌಕಗಳೂ ಸೊಟ್ಟಗಾಗುತ್ತವೆ. ತಿರುಗಿಸದೆ ಇಟ್ಟರೂ ಚೌಕದ ಒಳಗಿನ ನೇಯ್ಗೆ ಬೇರೆ. ಬೆಳಕಿನ ಕಡೆಯದಕ್ಕೆ ಸ್ವಲ್ಪ ಚರ್ಮದ ಒರಟು ಉಳಿದಿರುತ್ತದೆ, ನೆರಳಿನ ಕಡೆಯದು ಪೂರ್ತಿ ಬೋಳು. ಇನ್ನು ಕೊಳವೆಯ ಅಂಚಿಗೆ ತಾಗಿದ್ದ ಚೌಕಗಳಲ್ಲಿ ನುಸಿ ಮುತ್ತಿದಂಥ ಚುಕ್ಕೆಗಳು. ಚೂಪಾದ ಅಂಚು ಇದ್ದಲ್ಲೆಲ್ಲ ಜೆಪೆಗ್ ಹಾಗೇ ಮಾಡುತ್ತದೆ. ಕೊಳವೆ ಹೋದರೂ ನುಸಿ ಹೋಗಿರಲಿಲ್ಲ. ಇದೆಲ್ಲ ಸಾಲದು ಎಂಬಂತೆ ನಾನು ಪ್ರತಿ ಸಂಜೆ ಕೆಲಸವನ್ನು ಮತ್ತೆ ಜೆಪೆಗ್ ಆಗಿಯೇ ಉಳಿಸಿ, ಮಾರನೆಯ ದಿನ ಅದನ್ನೇ ತೆರೆದಿದ್ದೆ. ಸೊಟ್ಟ ಚೌಕಗಳ ಮೇಲೆ ಹೊಸ ಚೌಕಗಳ ಸಾಲು ಪ್ರತಿ ಸಲವೂ ಕೂತಿತ್ತು. ಕೊನೆಗೆ, ನೆರಳಿನಲ್ಲಿದ್ದ ಮುಖ ಚೆನ್ನಾಗಿ ಕಾಣಲೆಂದು ಬೆಳಕು ಏರಿಸಿದೆ. ಅಡಗಿದ್ದದ್ದೆಲ್ಲ ಎದ್ದು ಬಂತು.

ಅಭ್ಯಾಸ ಅದು. ಹತ್ತೊಂಬತ್ತು ವರ್ಷ ನಾನು ಜೆಪೆಗ್ ಮೇಲೆಯೇ ಕೆಲಸ ಮಾಡಿದವಳು. ಕೈಗೆ ಅದನ್ನೇ ಕೊಡುತ್ತಿದ್ದರು.

"ಇದಕ್ಕಿಂತ ಒಳ್ಳೇದು ಬರಲ್ಲ ಅಂತೀಯ?" ಟೀಚರ್ ಕೇಳಿದರು. ದನಿಯಲ್ಲಿ ದೂರು ಇರಲಿಲ್ಲ. ಅದೇ ಕಷ್ಟವಾಯಿತು.

"ರಾ ಫೈಲು ಇದ್ರೆ ಬರುತ್ತೆ. ಕ್ಯಾಮೆರಾ ಒಳಗೆ ಬೆಳಕು ಹೇಗೆ ಬಿತ್ತೋ ಹಾಗೇ ಇರೋದು. ಅದರಲ್ಲಿ ಚೌಕ ಅನ್ನೋದೇ ಇಲ್ಲ."

"ಅದು ಯಾರ ಹತ್ರ ಇದೆ?"

ಪ್ರಿಂಟಿನ ಅಣ್ಣ ತಲೆ ತಗ್ಗಿಸಿ ಕಾಗದದ ಚೂರು ಆರಿಸತೊಡಗಿದ. ಅವನಿಗೆ ಗೊತ್ತು. ಈ ಬೀದಿಯಲ್ಲಿ ಎಲ್ಲರಿಗೂ ಗೊತ್ತು.

"ಕೇಳ್ತೀನಿ," ಅಂದೆ.

*

ಫೋಟೊ ತೆಗೆಯುವುದು ನನ್ನ ಗಂಡನಾಗಿದ್ದವನ ಕೆಲಸ, ತಿದ್ದುವುದು ನನ್ನದು. ಮದುವೆಯಾದ ವರ್ಷವೇ ಹಾಗೆ ಹಂಚಿಕೊಂಡೆವು, ಅಥವಾ ಅವನು ಹಂಚಿದ. ರಾ ಫೈಲುಗಳು ಅವನ ಕಂಪ್ಯೂಟರಿನಲ್ಲಿ. ಅವುಗಳಿಂದ ಅವನು ಬೇಕಾದಷ್ಟನ್ನು ಕತ್ತರಿಸಿ, ಬಣ್ಣ ಕೂಡಿಸಿ, ಹಗುರವಾದ ಜೆಪೆಗ್ ಮಾಡಿ ನನ್ನ ಮೇಜಿಗೆ ಕಳಿಸುತ್ತಿದ್ದ. ಮೊದಮೊದಲು ಒಂದೆರಡು ಸಲ ರಾ ಕೇಳಿದ್ದೆ. "ಅಕ್ಕಿ ಯಾಕೆ, ಅನ್ನವೇ ಕೊಡ್ತಿದೀನಲ್ಲ," ಅಂದಿದ್ದ. ಆಮೇಲೆ, "ನಿನ್ನ ಕೆಲಸಕ್ಕೆ ಇಷ್ಟು ಸಾಕು."

ದೊಡ್ಡ ಪ್ರಿಂಟಿನಲ್ಲಿ ತೇಪೆ ಕಂಡಾಗಲೆಲ್ಲ ಅವನು ಬೈಯುತ್ತಿರಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಉಸಿರು ಬಿಟ್ಟು, ಕೆಳಗಿಡುತ್ತಿದ್ದ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ನಾನು ಇನ್ನೂ ಸಣ್ಣ ಬ್ರಶ್ ಹಿಡಿದು ಇನ್ನೂ ಹೊತ್ತು ಕೂರುತ್ತಿದ್ದೆ. ಬೇರೆಯಾದ ಮೇಲೆ ಬೇರೆಯವರ ಕೆಲಸ ಬಂದಾಗ, ಒಬ್ಬ ಗಿರಾಕಿ ಕೇಳದೆಯೇ ರಾ ಫೈಲು ಕಳಿಸಿದ. ಅಳಿಸಿದ ಜಾಗ ಹುಡುಕಿದರೂ ನನಗೇ ಸಿಗಲಿಲ್ಲ. ಆ ಮಧ್ಯಾಹ್ನ ನನ್ನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ನನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಹೇಳಿಕೊಳ್ಳೋಣವೆಂದರೆ ಅರ್ಥ ಮಾಡಿಕೊಳ್ಳುವವನು ಒಬ್ಬನೇ ಇದ್ದ, ಅದೂ ಅವನೇ.

ಫೋನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನಿಂತಿದ್ದು ಹೇಗೆ ಕರೆಯುವುದು ಅಂತ ತಿಳಿಯದೆ. ಮುಂಚೆ "ರೀ" ಅಂದರೆ ಮುಗಿಯುತ್ತಿತ್ತು. ಈಗ ಆ ಮಾತು ನನ್ನದಲ್ಲ. ಮನಸ್ಸಿನಲ್ಲಿ ಅವನು "ಅವನು" ಆಗಿ ಬಹಳ ಕಾಲವಾಗಿದ್ದರೂ ನಾಲಗೆ ಇನ್ನೂ "ನೀವು" ಬಿಟ್ಟಿಲ್ಲ.

"ನಾನು," ಅಂದೆ.

"ಗೊತ್ತು, ನಂಬರ್ ಇದೆ," ಅಂದ. ಹಿಂದೆ ಕೆಟಲ್ ಕುದಿಯುವ ಸದ್ದು. "ಏನು, ತೇಪೆ ಕಾಣಿಸ್ತಿದೆಯಾ?"

ಎಂಥ ಮಾತು ಬಂದರೂ ನುಂಗಬೇಕು ಅಂದುಕೊಂಡೇ ಫೋನ್ ಮಾಡಿದ್ದೆ. ನುಂಗಿದೆ. ಟೀಚರ್ ವಿಷಯ ಹೇಳಿದೆ.

"ಓ, ಹೊಲಿಗೆ ಮನೆ. ಕಿಟಕಿ ಪಕ್ಕ." ಅವನಿಗೆ ಜನರ ಹೆಸರು ಮರೆಯುತ್ತದೆ, ಬೆಳಕು ಮರೆಯುವುದಿಲ್ಲ. "ಇದೆಯೋ ಇಲ್ವೋ ಗೊತ್ತಿಲ್ಲ. ಜಾಗ ಸಾಲದೆ ಹಳೇದನ್ನೆಲ್ಲ ಅಳಿಸ್ತಾ ಬಂದಿದೀನಿ. ಬಂದು ನೋಡು."

*

ಸ್ಟುಡಿಯೋದ ಮೆಟ್ಟಿಲಿನ ಮೂರನೆಯ ಹಲಗೆ ಈಗಲೂ ಅಲ್ಲಾಡುತ್ತಿತ್ತು. ನನ್ನ ಮೇಜು ಹೋಗಿ ಆ ಜಾಗದಲ್ಲಿ ಖಾಲಿ ಪೆಟ್ಟಿಗೆಗಳು. ಮೇಜಿನ ಕಾಲು ಊರಿದ್ದ ನಾಲ್ಕು ಗುರುತು ಮಾತ್ರ ನೆಲದಲ್ಲಿ ಬೆಳ್ಳಗೆ ಉಳಿದಿದ್ದವು.

"ಟೀ?" ಅಂದ.

"ಬೇಡ."

"ನಾನು ಮಾಡಿದ್ದು. ಕುಡಿದು ಸತ್ತವರಿಲ್ಲ."

"ಬದುಕಿದವರು ಯಾರು ಬಂದು ಹೇಳಿದಾರೆ?"

ನಕ್ಕ. ನನಗೂ ನಗು ಬಂತು. ಆಮೇಲೆ ಇಬ್ಬರೂ ಕಂಪ್ಯೂಟರ್ ಕಡೆ ತಿರುಗಿದೆವು, ಅಷ್ಟು ನಕ್ಕಿದ್ದು ಜಾಸ್ತಿಯಾಯಿತೇನೋ ಅನ್ನುವಂತೆ. ಅವನು ವಯಸ್ಸಾದವನ ಹಾಗೆ ಸ್ಕ್ರೀನಿನಿಂದ ಮುಖ ಹಿಂದಕ್ಕೆಳೆದು ಫೋಲ್ಡರುಗಳನ್ನು ಓದುತ್ತಿದ್ದ. ಕನ್ನಡಕ ಬೇಕಾಗಿದೆ, ಹಾಕಿಸಿಕೊಂಡಿಲ್ಲ. ಹೇಳುವವರಿಲ್ಲ.

ಡಿಸ್ಕಿನಲ್ಲಿ ಮೊದಲ ವರ್ಷಗಳು ಇರಲೇ ಇಲ್ಲ.

"ಅವೆಲ್ಲ?"

"ಹೇಳಿದ್ನಲ್ಲ. ಜಾಗ ಬೇಕಿತ್ತು. ಜೆಪೆಗ್ ಇವೆಯಲ್ಲ ನಿನ್ನ ಹತ್ರ." ಕೆಳಕ್ಕೆ ಜಾರಿಸುತ್ತಾ ಹೋದ. ಸಿಗದಿದ್ದರೆ ಟೀಚರಿಗೆ ಏನು ಹೇಳುವುದು? ಹೊಲಿದ ಕೆನ್ನೆಯನ್ನೇ ಗೋಡೆಗೆ ಹಾಕಿ ಅನ್ನಲೇ? ಕೊಳವೆಯ ಸಮೇತ ಹಾಕಿ ಅನ್ನಲೇ?

"ಬದುಕಿದೆ," ಅಂದ ಅವನು. "ಇನ್ನೊಂದು ವಾರ ಬಿಟ್ಟಿದ್ರೆ ಇದಕ್ಕೂ ಸರದಿ ಬರ್ತಿತ್ತು."

ತೆರೆದ. ಕತ್ತಲು ಕತ್ತಲಾದ, ಬಣ್ಣಗೆಟ್ಟ ಚಿತ್ರ ಬಂತು. ಅಕ್ಕನ ಕೆನ್ನೆಯನ್ನು ಹಿಗ್ಗಿಸಿ, ನೆರಳಿನ ಜಾಗವನ್ನು ಬೆಳಕಿಗೆ ಎತ್ತಿ ಅಂತ ಹೇಳಿದೆ. ಎತ್ತಿದ. ಚೌಕ ಇರಲಿಲ್ಲ. ಜರಡಿ ಹಿಡಿದ ಹಿಟ್ಟಿನಂಥ ಸಣ್ಣ ತರಿ, ಕಿಟಕಿಯಿಂದ ಗೋಡೆಯ ತನಕ, ಹಣೆಯಿಂದ ಕತ್ತಿನ ತನಕ, ಎಲ್ಲೂ ಗೆರೆಯಿಲ್ಲದೆ. ಕೊಳವೆ ಪಾರದರ್ಶಕವಾಗಿತ್ತು, ಅದರೊಳಗಿನಿಂದ ಚರ್ಮದ ರಂಧ್ರಗಳು ಕಾಣುತ್ತಿದ್ದವು. ನನ್ನ ಜೆಪೆಗ್‌ನಲ್ಲಿ ಅದೆಲ್ಲ ಬೂದುಬಣ್ಣದ ಒಂದು ಪಟ್ಟಿಯಾಗಿತ್ತು. ನಾನು ಮುಚ್ಚಿದ ಎಷ್ಟೋ ಜಾಗವನ್ನು ಮುಚ್ಚಬೇಕಾಗಿಯೇ ಇರಲಿಲ್ಲ.

"ನೋಡಿ," ಅಂದೆ. ಅಷ್ಟೇ ಅಂದೆ.

ಅವನು ನೋಡಿದ. ಬಹಳ ಹೊತ್ತು ನೋಡಿದ. ಇಷ್ಟು ವರ್ಷ ಉಸಿರು ಬಿಟ್ಟು ಕೆಳಗಿಟ್ಟ ಹಾಳೆಗಳು ಅವನಿಗೂ ನೆನಪಾದವೋ ಏನೋ, ನಾನು ಕೇಳಲಿಲ್ಲ. "ಹೂಂ," ಅಂದ ಕೊನೆಗೆ.

ಇಡೀ ಚಿತ್ರ ಕಾಣುವಂತೆ ಅವನು ಹಿಂದೆ ಸರಿಸಿದಾಗ ಅಂಚಿನಲ್ಲಿ ನಾನಿದ್ದೆ.

ಅವನು ಯಾವಾಗಲೂ ಅಗಲವಾಗಿ ತೆಗೆದು ಆಮೇಲೆ ಕತ್ತರಿಸುವವನು. ಬಲಗಡೆ, ಬಿಳಿ ಥರ್ಮಾಕೋಲ್ ಹಲಗೆಯನ್ನು ಎದೆಯೆತ್ತರಕ್ಕೆ ಎತ್ತಿ ಹಿಡಿದು ಕಿಟಕಿಯ ಬೆಳಕನ್ನು ಅಕ್ಕನ ಮುಖಕ್ಕೆ ತಿರುಗಿಸುತ್ತಿದ್ದ ಹೆಂಗಸು. ಅರ್ಧ ಮುಖ, ಎರಡು ಕೈ. ಅಕ್ಕ ನಗುತ್ತಿದ್ದಾಳೆ, ಅವಳ ನಗುವನ್ನು ಆ ಹೆಂಗಸು ನೋಡುತ್ತಿಲ್ಲ. ಕ್ಯಾಮೆರಾದ ಕಡೆ, ಅದನ್ನು ಹಿಡಿದವನ ಕಡೆ ನೋಡುತ್ತಿದ್ದಾಳೆ. ಸಾಕು ಅನ್ನುತ್ತಾನೇನೋ ಎಂದು. ಕೈ ಸೋತಿರುವುದು ಮೊಣಕೈಯ ಇಳಿತದಲ್ಲೇ ಗೊತ್ತಾಗುತ್ತದೆ. ಕೈ ನೋಯುತ್ತಿದೆ ಅಂತ ನಾನಾಗಿ ಎಂದೂ ಹೇಳುತ್ತಿರಲಿಲ್ಲ.

ಎಲ್ಲ ಫೋಟೊಗಳಲ್ಲೂ ಹೀಗೆಯೇ ಇದ್ದಿರಬೇಕು. ಮೊದಲ ವರ್ಷಗಳಲ್ಲಿ ಆ ಮುಖ ಬೇರೆ ಏನನ್ನಾದರೂ ಕಾಯುತ್ತಿತ್ತೇ? ನೋಡುವ ಹಾಗಿಲ್ಲ. ಅವು ಅಳಿಸಿಹೋಗಿವೆ. ನನ್ನ ಹತ್ತಿರ ಇರುವುದು ಅವನು ಕತ್ತರಿಸಿ ಕೊಟ್ಟದ್ದು, ಅವುಗಳಲ್ಲಿ ನಾನಿಲ್ಲ.

"ಇದನ್ನ ಕತ್ತರಿಸಿ ಕೊಡ್ಲಾ?" ಅಂದ ಅವನು, ಅಂಚಿಗೆ ಬಾಣದ ಗುರುತು ಒಯ್ದು.

"ಬೇಡ. ಇರೋ ಹಾಗೇ ಕೊಡಿ. ಕತ್ತರಿಸೋದು ನಾನು ಮಾಡ್ಕೋತೀನಿ."

ಪೆನ್ ಡ್ರೈವಿಗೆ ಹಾಕಿಕೊಟ್ಟ. ಅದೊಂದೇ ಫೈಲು. ಬಾಗಿಲ ತನಕ ಬಂದು, "ಮೆಟ್ಟಿಲು ನೋಡ್ಕೊಂಡು," ಅಂದ.

"ಮೂರನೇದು," ಅಂದೆ.

"ಹೂಂ. ರಿಪೇರಿ ಮಾಡಿಸ್ಬೇಕು."

*

ಈ ಸಲ ದಿನದ ಕೊನೆಗೆ ಜೆಪೆಗ್ ಮಾಡಲಿಲ್ಲ. ರಾ ಫೈಲನ್ನು ತೆರೆದು, ನೆರಳನ್ನು ಎಷ್ಟು ಎತ್ತಬೇಕೋ ಮೊದಲೇ ಎತ್ತಿ, ಏನನ್ನೂ ಬಿಸಾಕದ ದೊಡ್ಡ ಟಿಫ್ ಫೈಲಾಗಿ ಇಟ್ಟುಕೊಂಡೆ. ತೇಪೆಗಳನ್ನೆಲ್ಲ ಅದರ ಮೇಲಿನ ಬೇರೊಂದು ಪದರದಲ್ಲಿ ಹಾಕಿದೆ. ತಪ್ಪಿದರೆ ಪದರ ಒರೆಸಿದರಾಯಿತು, ಕೆಳಗಿನ ಮುಖಕ್ಕೆ ಏನೂ ಆಗದು. ಎತ್ತಿ ತಂದ ಚರ್ಮದ ತರಿಯೂ ಅಲ್ಲಿದ್ದ ತರಿಯೂ ಒಂದೇ ಜಾತಿ. ತಿರುಗಿಸಿದರೂ ಸೊಟ್ಟಗಾಗಲು ಚೌಕವಿಲ್ಲ. ಬೆಳಕಿಗೆ ಬೆಳಕಿನ ಕಡೆಯದು, ನೆರಳಿಗೆ ನೆರಳಿನ ಕಡೆಯದು ಅಂತ ಆರಿಸಿಕೊಂಡರೆ ಸಾಕು, ಅಂಚು ತಾನಾಗಿ ಕರಗುತ್ತಿತ್ತು.

ಒಂದು ಕಡೆ ಮಾತ್ರ ಕೈ ನಿಂತಿತು. ಕಿವಿಯ ಹತ್ತಿರ ಕೊಳವೆ ಒತ್ತಿ ಒತ್ತಿ ಚರ್ಮದಲ್ಲಿ ಒಂದು ಸಣ್ಣ ತಗ್ಗು ಬಿದ್ದಿತ್ತು. ಹಗ್ಗದ ಗುರುತೇ ಅದು. ಟೀಚರ್ ಹೇಳಿದ್ದು ಹಗ್ಗ ತೆಗಿ ಅಂತ. ಅದನ್ನೂ ತುಂಬಿದೆ. ಹೇಳಿದಷ್ಟು ಮಾಡುವುದೂ ಒಂದು ಮರ್ಯಾದೆ.

ಕೊನೆಗೆ ಕತ್ತರಿಸಲು ಕೂತೆ. ಚೌಕಟ್ಟಿನ ಗೆರೆಯನ್ನು ಹಿಡಿದು ಬಲ ಅಂಚಿನಿಂದ ಒಳಕ್ಕೆ ಎಳೆಯುತ್ತಾ ಬಂದೆ. ಮೊದಲು ಮೊಣಕೈ ಹೋಯಿತು, ಆಮೇಲೆ ಮುಖ, ಕೊನೆಗೆ ಹಲಗೆ. ಅವನು ಎಳೆದ ಗೆರೆ ಎಲ್ಲಿತ್ತೋ ನನ್ನದೂ ಅಲ್ಲಿಗೇ ಬಂದು ನಿಂತಿತು. ಬೇರೆ ಎಲ್ಲಿ ನಿಲ್ಲಿಸಿದರೂ ಚಿತ್ರ ಕೆಡುತ್ತಿತ್ತು. ಅದು ಅವನ ಮೇಲಿನ ಸಿಟ್ಟನ್ನೂ ನನ್ನಿಂದ ಸ್ವಲ್ಪ ಕಿತ್ತುಕೊಂಡಿತು. ಸಿಟ್ಟಾದರೂ ಇದ್ದರೆ ಕೋಣೆಯಲ್ಲಿ ಇನ್ನೊಬ್ಬರಿದ್ದ ಹಾಗಿರುತ್ತಿತ್ತು.

ಲ್ಯಾಬಿಗೆ ಟಿಫ್ ಫೈಲನ್ನೇ ಕೊಟ್ಟೆ. "ಏನ್ ಮೇಡಂ, ಆನೆ ತಂದಿದೀರ," ಅಂದ ಪ್ರಿಂಟಿನ ಅಣ್ಣ ಫೈಲಿನ ಗಾತ್ರ ನೋಡಿ. ಹಾಳೆ ಮಶೀನಿನಿಂದ ಇಂಚಿಂಚೇ ಹೊರಗೆ ಬರುವಾಗ ನಾವಿಬ್ಬರೂ ಬಾಗಿ ನಿಂತಿದ್ದೆವು. ಹಣೆ ಬಂತು, ಕಣ್ಣು ಬಂತು. ಕೆನ್ನೆ ಬಂತು. ಅವನು ಭೂತಗನ್ನಡಿ ತಂದು ಮೂಗಿನಿಂದ ಕಿವಿಯ ತನಕ ಓಡಿಸಿದ, ಹಿಂದಕ್ಕೂ ಓಡಿಸಿದ.

"ಕನ್ನಡಿ ಏನೂ ಹೇಳ್ತಾ ಇಲ್ಲ," ಅಂದ.

*

ಸೋಮವಾರಕ್ಕೆ ಮುಂಚಿನ ಮಧ್ಯಾಹ್ನ ತರಗತಿಯಲ್ಲಿ ಟೀಚರ್ ಒಬ್ಬರೇ ಇದ್ದರು. ಹೊಲಿಗೆ ಯಂತ್ರಗಳ ಮೇಲೆ ಇನ್ನೂ ಬಟ್ಟೆ ಮುಚ್ಚಿತ್ತು. ಚೌಕಟ್ಟಿಗೆ ಹಾಕಿದ ಫೋಟೊವನ್ನು ಇಬ್ಬರೂ ಸೇರಿ ಮೊಳೆಗೆ ತಗುಲಿಸಿದೆವು. ಟೀಚರ್ ಸ್ಟೂಲಿನಿಂದ ಇಳಿಯದೆ ಕೆನ್ನೆಯ ಮೇಲೆ ಬೆರಳಿಟ್ಟರು. ಅದೇ ದಾರಿ, ಮೂಗಿನಿಂದ ಕಿವಿಗೆ. ಬೆರಳು ಎಲ್ಲೂ ತಡೆಯಲಿಲ್ಲ.

"ಈಗ ಉಸಿರಾಡ್ತಿದಾಳೆ," ಅಂದರು. ಚೌಕಟ್ಟನ್ನು ಸೆರಗಿನಿಂದ ಒರೆಸಿದರು, ಬೆನ್ನು ನನ್ನ ಕಡೆ. ನಾನು ಒಂದು ಯಂತ್ರದ ಬಟ್ಟೆ ಸರಿಪಡಿಸಿದೆ, ಸರಿಯಾಗೇ ಇದ್ದದ್ದನ್ನು.

ಇಳಿದ ಮೇಲೆ ಕೇಳಿದರು: "ಆ ಕೆಟ್ಟ ಪ್ರಿಂಟು ಏನು ಮಾಡ್ದೆ?"

"ತಂದಿದೀನಿ. ಹರಿದು ಹಾಕೋಣ ಅಂತ."

"ಹರೀತಾಳಂತೆ! ಅಕ್ಕ ಇದ್ದಿದ್ರೆ ನಿನ್ನ ಕೈಗೆ ಹೊಡೀತಿದ್ಲು. ಇಷ್ಟು ದಪ್ಪ ಹಾಳೆ ಎಲ್ಲಿ ಸಿಗುತ್ತೆ ಬಟ್ಟೆ ಕತ್ತರಿಸೋ ಅಳತೆ ಮಾದರಿಗೆ?"

ಸುರುಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಕತ್ತರಿಸುವ ಮೇಜಿನ ಮೇಲೆ ಬೋರಲಾಗಿ ಹರಡಿದರು. ಹೊಲಿದ ಕೆನ್ನೆ ಕೆಳಗಾಯಿತು, ಬಿಳಿ ಬೆನ್ನು ಮೇಲಾಯಿತು. ಟೇಪನ್ನು ಕತ್ತಿನಿಂದ ಎಳೆದು, ಚಾಕ್ ಹಿಡಿದು ತೋಳಿನ ತಿರುವು ಬರೆಯಲು ಬಾಗಿದರು. ಹಾಳೆ ಮತ್ತೆ ಸುರುಳಿಯಾಗಿ ಅವರ ಕೈಗೇ ಬಂತು.

"ಅಕ್ಕ ಹಿಡ್ಕೋತಿದ್ಲು," ಅಂದರು. ಆಮೇಲೆ, "ಆ ಕಡೆ ಬಾ. ಬಿಗಿಯಾಗಿ ಹಿಡಿ."

ಹೋಗಿ ಎರಡು ಮೂಲೆ ಹಿಡಿದು ಎಳೆದು ನಿಂತೆ. ಟೀಚರ್ ನಿಧಾನ. ಒಂದು ಗೆರೆ ಹಾಕಿ, ಅಳೆದು, ಒರೆಸಿ, ಮತ್ತೆ ಹಾಕುವವರು. ಕಿಟಕಿಯ ಬೆಳಕು ಹಾಳೆಯ ಮೇಲೆ ಬಿದ್ದು ಅವರ ಮುಖದ ಕೆಳಭಾಗಕ್ಕೆ ಎದ್ದು ಬರುತ್ತಿತ್ತು. ಅಭ್ಯಾಸದಿಂದ ನಾನು ಹಾಳೆಯನ್ನು ಸ್ವಲ್ಪ ಆ ಕಡೆ ವಾಲಿಸಿದ್ದೆ.

ಚಾಕ್ ಓಡುತ್ತಲೇ ಇತ್ತು. ತಲೆ ಎತ್ತದೆ ಟೀಚರ್ ಅಂದರು, "ಕೈ ನೋವಾದ್ರೆ ಹೇಳಮ್ಮ. ನನಗೆ ಕೆಲಸದಲ್ಲಿ ಗೊತ್ತಾಗಲ್ಲ."

"ಹೇಳ್ತೀನಿ," ಅಂದೆ.

ಸ್ವಲ್ಪ ಹೊತ್ತಾದ ಮೇಲೆ ಹೇಳಿದೆ.